ಧರ್ಮಗ್ರಂಥದ ಆಧಾರಭಾಗವೂ ತರಗತಿಯ ಪ್ರಶ್ನೆಯೂ: ಅಗ್ಗಞ್ಞಸುತ್ತದ ಒಂದು ನಿದರ್ಶನ

ಪ್ರಾಚೀನ ಭಾರತದ ಇತಿಹಾಸವನ್ನು ಬೋಧಿಸುವವರು ಕಿರುಪರೀಕ್ಷೆಗಳಲ್ಲಿ ಮೂಲಗ್ರಂಥದ ಒಂದು ಭಾಗವನ್ನು ಕೊಟ್ಟು, ಅದರ ಕೆಳಗೆ ನಾಲ್ಕಾರು ಪ್ರಶ್ನೆಗಳನ್ನು ಕೇಳುವ ಪದ್ಧತಿ ಈಗ ಸಾಕಷ್ಟು ಬಳಕೆಗೆ ಬಂದಿದೆ. ಈ ಪದ್ಧತಿಯಲ್ಲಿ ನಾವು ಮಾಡಿದ ಒಂದು ತಪ್ಪನ್ನೂ, ಅದನ್ನು ತಿದ್ದಿಕೊಂಡ ಬಗೆಯನ್ನೂ ಇಲ್ಲಿ ನಿರೂಪಿಸುತ್ತೇವೆ. ಆರಿಸಿಕೊಂಡಿರುವ ಗ್ರಂಥಭಾಗವು ದೀಘನಿಕಾಯದ 27ನೆಯದಾದ ಅಗ್ಗಞ್ಞಸುತ್ತದ್ದು.

ಸುತ್ತದ ಸಂದರ್ಭವನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. ಬ್ರಾಹ್ಮಣಕುಲದಲ್ಲಿ ಹುಟ್ಟಿ ಭಿಕ್ಷುಸಂಘವನ್ನು ಸೇರಬಯಸಿದ ವಾಸೆಟ್ಠ, ಭಾರದ್ವಾಜ ಎಂಬಿಬ್ಬರನ್ನು ಸ್ವಜಾತಿಯವರು ನಿಂದಿಸುತ್ತಿರುತ್ತಾರೆ. ತಾವು ಬ್ರಹ್ಮನ ಮುಖದಿಂದ ಜನಿಸಿದವರೆಂಬುದು ಆ ನಿಂದಕರ ವಾದ. ಶ್ರಾವಸ್ತಿಯಲ್ಲಿ ಬುದ್ಧನು ಇದಕ್ಕೆ ಉತ್ತರವಾಗಿ ಲೋಕದ ಮತ್ತು ಸಮಾಜದ ಉತ್ಪತ್ತಿಯ ಕಥೆಯನ್ನು ಹೇಳುತ್ತಾನೆ. ತಾನಾಗಿ ಬೆಳೆಯುತ್ತಿದ್ದ ಹೊಟ್ಟಿಲ್ಲದ ಬತ್ತವನ್ನು ಜನರು ಆಸೆಯಿಂದ ಕೂಡಿಡತೊಡಗುತ್ತಾರೆ. ಬತ್ತಕ್ಕೆ ಹೊಟ್ಟು ಬರುತ್ತದೆ, ಕೊಯ್ದಲ್ಲಿ ಮತ್ತೆ ಬೆಳೆಯದಾಗುತ್ತದೆ. ಆಗ ಹೊಲಗಳನ್ನು ಹಂಚಿಕೊಂಡು ಎಲ್ಲೆಗಳನ್ನು ಹಾಕುತ್ತಾರೆ. ಎಲ್ಲೆ ಬಂದೊಡನೆ ಕಳವು, ನಿಂದೆ, ಸುಳ್ಳು, ದಂಡನೆಗಳು ಕಾಣಿಸಿಕೊಳ್ಳುತ್ತವೆ. ಕಡೆಗೆ ತಮ್ಮಲ್ಲಿಯೇ ಹೆಚ್ಚು ರೂಪವಂತನೂ ನೋಟಕ್ಕೆ ಪ್ರಿಯನೂ ಪ್ರಭಾವಶಾಲಿಯೂ ಆದವನ ಬಳಿಗೆ ಹೋಗಿ, ತಪ್ಪು ಮಾಡಿದವರನ್ನು ದಂಡಿಸಬೇಕೆಂದು ಬೇಡುತ್ತಾರೆ. ಪ್ರತಿಯಾಗಿ ಬತ್ತದಲ್ಲಿ ಒಂದು ಪಾಲನ್ನು ಕೊಡಲು ಒಪ್ಪುತ್ತಾರೆ. ಅವನಿಗೆ ಮಹಾಸಮ್ಮತ, ಖತ್ತಿಯ, ರಾಜ ಎಂಬ ಮೂರು ಹೆಸರುಗಳು ಬಂದುವೆಂದು ಸುತ್ತವು ಪದಗಳನ್ನು ಒಡೆದು ವಿವರಿಸುತ್ತದೆ.

ಹೊಲ ಹಂಚಿದಲ್ಲಿಂದ ಈ ಮೂರು ಹೆಸರುಗಳವರೆಗಿನ ಭಾಗವನ್ನು ಕನ್ನಡಿಸಿ ಕೊಟ್ಟು, ಮಹಾಸಮ್ಮತನ ಆಯ್ಕೆಯ ಮಹತ್ತ್ವವನ್ನು ವಿವರಿಸಬೇಕೆಂದು ನಾವು ಮೊದಲ ಬಾರಿ ಐದು ಅಂಕಗಳ ಪ್ರಶ್ನೆಯೊಂದನ್ನು ಕೇಳಿದೆವು. ಉತ್ತರಗಳು ಒಂದೇ ಅಚ್ಚಿನಲ್ಲಿ ಎರೆದಂತಿದ್ದುವು. ಪ್ರಾಚೀನ ಭಾರತದಲ್ಲಿ ಪ್ರಜಾಪ್ರಭುತ್ವವಿದ್ದಿತು, ಪ್ರಜೆಗಳು ಉತ್ಪನ್ನದ ಆರನೆಯ ಒಂದು ಪಾಲನ್ನು ಕೊಡುತ್ತಿದ್ದರು ಎಂದು ಬಹುಮಂದಿ ಬರೆದಿದ್ದರು. ನಾವೂ ಧಾರಾಳವಾಗಿ ಅಂಕ ಕೊಟ್ಟೆವು. ಒಬ್ಬ ವಿದ್ಯಾರ್ಥಿ ಮಾತ್ರ, ಅರಸನು ಹೀಗೆ ಆರಿಸಲ್ಪಟ್ಟನೆಂದು ಈ ಭಾಗವು ಕಥೆ ಹೇಳುತ್ತದೆಯೇ ಹೊರತು ಯಾವ ರಾಜ್ಯದಲ್ಲಿ ಹೀಗೆ ನಡೆಯಿತೆಂದು ತಿಳಿಸುವುದಿಲ್ಲ, ಪಾಲು ಎಷ್ಟೆಂಬುದೂ ಇದರಲ್ಲಿಲ್ಲ ಎಂದು ನಾಲ್ಕು ಸಾಲು ಬರೆದಿದ್ದ. ಅವನಿಗೆ ಎರಡು ಅಂಕ ಬಂದಿತ್ತು. ಅವನು ಉತ್ತರಪತ್ರಿಕೆಯನ್ನು ಹಿಡಿದು ಬಂದು, ಇಲ್ಲದುದನ್ನು ಇಲ್ಲವೆಂದು ಬರೆದರೆ ತಪ್ಪೇ ಎಂದು ಕೇಳಿದಾಗ ನಾವು ಸುತ್ತವನ್ನು ಮತ್ತೆ ತೆರೆಯಬೇಕಾಯಿತು.

ಆರನೆಯ ಒಂದು ಪಾಲು ಸುತ್ತದಲ್ಲಿ ಎಲ್ಲಿಯೂ ಇಲ್ಲ. ಅದು ಕೌಟಿಲ್ಯನ ಅರ್ಥಶಾಸ್ತ್ರದ್ದು. ಮತ್ಸ್ಯನ್ಯಾಯದಿಂದ ಪೀಡಿತರಾದ ಜನರು ಮನುವನ್ನು ಅರಸನನ್ನಾಗಿ ಮಾಡಿಕೊಂಡು ಧಾನ್ಯದ ಆರನೆಯ ಒಂದು ಭಾಗವನ್ನೂ ಸರಕಿನ ಹತ್ತನೆಯ ಒಂದು ಭಾಗವನ್ನೂ ಗೊತ್ತುಮಾಡಿದರೆಂಬ ಮಾತು ಅಲ್ಲಿ ಬರುತ್ತದೆ. ಪಠ್ಯಪುಸ್ತಕಗಳಲ್ಲಿ ಇವೆರಡೂ ಅಕ್ಕಪಕ್ಕದಲ್ಲಿರುವುದರಿಂದ ವಿದ್ಯಾರ್ಥಿಗಳ ನೆನಪಿನಲ್ಲಿ ಕಲಸಿಹೋಗಿವೆ. ಅಂದರೆ ಅವರು ಎದುರಿಗಿದ್ದ ಭಾಗವನ್ನು ಓದದೆ ಟಿಪ್ಪಣಿಗಳನ್ನು ನೆನೆದು ಬರೆದಿದ್ದರು. ಅದಕ್ಕೆ ಅವಕಾಶ ಕೊಟ್ಟುದು ನಮ್ಮ ಪ್ರಶ್ನೆಯೇ. ಗ್ರಂಥಭಾಗವನ್ನು ಕತ್ತರಿಸಿ ತೆಗೆದಿದ್ದರೂ ಆ ಪ್ರಶ್ನೆಗೆ ಅದೇ ಉತ್ತರ ಬರುತ್ತಿತ್ತು. ಅಂದಿನಿಂದ ನಾವು ಪ್ರಶ್ನೆಗಳನ್ನು ಬರೆದ ಮೇಲೆ, ಗ್ರಂಥಭಾಗವನ್ನು ಮುಚ್ಚಿ ಪ್ರಶ್ನೆಗಳನ್ನು ಮಾತ್ರ ಒಬ್ಬ ಸಹೋದ್ಯೋಗಿಗೆ ಕೊಡುತ್ತೇವೆ. ಅವರು ಉತ್ತರಿಸಬಲ್ಲ ಪ್ರಶ್ನೆಯನ್ನು ಹೊಡೆದುಹಾಕುತ್ತೇವೆ.

ಎರಡನೆಯ ಬಾರಿ ಅದೇ ಭಾಗಕ್ಕೆ ಹತ್ತು ಅಂಕಗಳ ಪ್ರಶ್ನೆಗಳನ್ನು ರಚಿಸಿದೆವು. ತಲೆಬರಹದಲ್ಲಿ ಬುದ್ಧನು ಹೇಳಿದನು ಎಂದು ಬರೆಯದೆ, ಬುದ್ಧನು ಹೇಳಿದನೆಂದು ದೀಘನಿಕಾಯವು ತಿಳಿಸುತ್ತದೆ ಎಂದು ಬರೆದೆವು. ಇದು ಬರಿಯ ನುಡಿಯ ನಯವಲ್ಲ. ಪಾಳಿ ಗ್ರಂಥಗಳು ಬಹುಕಾಲ ಬಾಯಿಪಾಠದಲ್ಲಿದ್ದು, ಸಿಂಹಳದ ಪರಂಪರೆಯ ಪ್ರಕಾರ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಬರಹಕ್ಕೆ ಬಂದುವು. ಆದಕಾರಣ ಹೇಳಿದವನ ಕಾಲವೂ ಬರೆದವರ ಕಾಲವೂ ಒಂದೇ ಅಲ್ಲ.

ಮೊದಲನೆಯ ಪ್ರಶ್ನೆ ಎರಡು ಅಂಕದ್ದು: ಜನರು ಯಾವ ಗುಣಗಳನ್ನು ನೋಡಿ ಅವನನ್ನು ಆರಿಸಿದರು? ಸುಲಭವೆಂದು ತೋರಿದರೂ ಓದಿದವನನ್ನೂ ಓದದವನನ್ನೂ ಇದು ಬೇರ್ಪಡಿಸುವಂತೆ ಮತ್ತಾವುದೂ ಬೇರ್ಪಡಿಸದು. ಓದದವರು ಶೌರ್ಯ, ವಿವೇಕ, ಸತ್ಕುಲ ಎಂದು ಬರೆಯುತ್ತಾರೆ. ಸುತ್ತದಲ್ಲಿ ಮೊದಲು ಬರುವುದು ರೂಪ, ಕುಲದ ಮಾತೇ ಇಲ್ಲ. ಎರಡನೆಯದು ಮೂರು ಅಂಕದ್ದು: ಕಳವಿಗೆ ಮುಂಚೆ ನಡೆದ ಯಾವ ಸಂಗತಿಗಳಿಂದ ಅರಸನ ಅಗತ್ಯ ಉಂಟಾಯಿತು? ಹೊಲದ ಎಲ್ಲೆಯನ್ನು ಹೆಸರಿಸಿದವನಿಗೆ ಎರಡು ಅಂಕ, ಎಲ್ಲೆಗೂ ಕಳವಿಗೂ ಇರುವ ಸಂಬಂಧವನ್ನು ತೋರಿಸಿದವನಿಗೆ ಮೂರೂ ಅಂಕ. ಮೂರನೆಯದೂ ಮೂರು ಅಂಕದ್ದು: ಬ್ರಹ್ಮಮುಖದಿಂದ ಜನಿಸಿದೆವೆಂಬ ವಾದಕ್ಕೆ ಈ ಕಥೆ ಯಾವ ರೀತಿಯಲ್ಲಿ ಉತ್ತರವಾಗುತ್ತದೆ? ಇದಕ್ಕಾಗಿ ಆ ವಾದವನ್ನು ತಲೆಬರಹದಲ್ಲಿಯೇ ಒಂದು ವಾಕ್ಯದಲ್ಲಿ ಕೊಟ್ಟೆವು. ಇಲ್ಲವಾದರೆ ಪುರುಷಸೂಕ್ತವನ್ನು ಮನೆಯಲ್ಲಿ ಕೇಳಿ ಬೆಳೆದವರಿಗೆ ಮಾತ್ರ ಅನುಕೂಲವಾಗಿ, ಉಳಿದವರಿಗೆ ಅನ್ಯಾಯವಾಗುತ್ತಿತ್ತು. ಕಡೆಯ ಪ್ರಶ್ನೆ, ಎರಡು ಅಂಕಕ್ಕೆ, ಆ ವಿದ್ಯಾರ್ಥಿಯೇ ನಮಗೆ ಕಲಿಸಿದ್ದು: ಅರಸುತನದ ಬಗ್ಗೆ ಈ ಭಾಗದಿಂದ ತಿಳಿಯಲಾಗದ ಒಂದು ಸಂಗತಿಯನ್ನು ಹೇಳಿ ಕಾರಣ ಕೊಡಿ.

ಮೂರನೆಯ ಪ್ರಶ್ನೆಯನ್ನು ಓದಿದ ಕೆಲವರು, ಇದು ಧಾರ್ಮಿಕ ಭಾವನೆಗಳನ್ನು ಕೆಣಕೀತೆಂದು ಶಂಕಿಸಿದರು. ಆ ವಾದ ನಿಜವೇ ಸುಳ್ಳೇ ಎಂದು ಕೇಳಿದ್ದರೆ ಶಂಕೆ ಸರಿಯಾಗುತ್ತಿತ್ತು. ಸುತ್ತವು ಏನು ಮಾಡುತ್ತಿದೆಯೆಂದು ಕೇಳಿದಾಗ ಶ್ರದ್ಧಾವಂತನೂ ಅಶ್ರದ್ಧನೂ ಒಂದೇ ಪುಟವನ್ನು ನೋಡಿ ಉತ್ತರಿಸಬೇಕಾಗುತ್ತದೆ.

ಅನುವಾದದಿಂದ ಕೈತಪ್ಪಿಹೋಗುವ ವಿಷಯವೊಂದಿದೆ. ಕಾಡಿನಲ್ಲಿ ಧ್ಯಾನ ಮಾಡಲಾರದೆ ಊರ ಬಳಿ ನೆಲೆಸಿ ಗ್ರಂಥಗಳನ್ನು ರಚಿಸಿದ ಬ್ರಾಹ್ಮಣರಿಗೆ ಅಜ್ಝಾಯಕರೆಂದು ಹೆಸರಾಯಿತೆಂದು ಸುತ್ತವು ಮುಂದೆ ಹೇಳುತ್ತದೆ. ವೇದವನ್ನು ಅಧ್ಯಯನ ಮಾಡುವವರು ಎಂಬ ಗೌರವದ ಪದವನ್ನು ಧ್ಯಾನ ಮಾಡದವರು ಎಂದು ಒಡೆದಿರುವುದೇ ಇಲ್ಲಿನ ಶ್ಲೇಷೆ. ಅಧ್ಯಾಪಕರಾದ ನಮಗೂ ಈ ಚುಚ್ಚು ಸ್ವಲ್ಪ ತಗಲದಿರದು! 1921ರಲ್ಲಿ ಪ್ರಕಟವಾದ ರೀಸ್ ಡೇವಿಡ್ಸ್ ದಂಪತಿಗಳ ಆಂಗ್ಲಾನುವಾದವನ್ನಾಗಲಿ, ನಮ್ಮ ಕನ್ನಡವನ್ನಾಗಲಿ ಮಾತ್ರ ಓದಿದವನಿಗೆ ಈ ನಗೆ ತಾನಾಗಿ ಕೇಳಿಸದು. ಇಡೀ ಸುತ್ತವೇ ವೈದಿಕ ಸೃಷ್ಟಿಕಥೆಗಳನ್ನು ಕುರಿತ ವಿಡಂಬನೆಯೆಂದು ರಿಚರ್ಡ್ ಗೊಂಬ್ರಿಚ್ ಅವರು 1992ರಲ್ಲಿ ವಾದಿಸಿದ್ದಾರೆ. ಅವರ ಮಾತನ್ನು ಪೂರ್ತಿ ಒಪ್ಪದಿದ್ದರೂ, ವಿಡಂಬನೆಯಿರಬಹುದಾದ ಕಥೆಯನ್ನು ಆ ಕಾಲದ ರಾಜ್ಯಪದ್ಧತಿಯ ವರದಿಯೆಂದು ಓದಿಸುವುದು ಸಾಧುವಲ್ಲ. ಶ್ಲೇಷೆಯ ಭಾಗವನ್ನು ಕೊಡುವುದಾದರೆ ಮೂಲಪದವನ್ನೂ ಅದರ ಎರಡು ಅರ್ಥಗಳನ್ನೂ ಅಡಿಯಲ್ಲಿ ಕೊಡಬೇಕು. ಕೊಟ್ಟರೆ ಪ್ರಶ್ನೆಯ ಅರ್ಧ ಉತ್ತರವನ್ನು ಕೊಟ್ಟಂತಾಗುತ್ತದೆ. ಈ ತೊಡಕಿಗೆ ನಮಗೆ ಪರಿಹಾರ ದೊರೆತಿಲ್ಲವಾದ್ದರಿಂದ ಆ ಭಾಗವನ್ನು ತರಗತಿಯ ಚರ್ಚೆಗೆ ಇಟ್ಟುಕೊಂಡು ಪರೀಕ್ಷೆಯಿಂದ ಬಿಟ್ಟಿದ್ದೇವೆ.

ಹೊಸ ಪ್ರಶ್ನೆಗಳಿಗೆ ಬಂದ ಉತ್ತರಗಳಲ್ಲಿ ಆರನೆಯ ಒಂದು ಪಾಲು ಪೂರ್ತಿ ಮಾಯವಾಗಲಿಲ್ಲ. ಆದರೆ ಈ ಸಲ ಅದನ್ನು ಕಂಡೊಡನೆ ಗುರುತಿಸಿದೆವು. ಹಳೆಯ ಉತ್ತರಪತ್ರಿಕೆಯ ಎರಡು ಅಂಕವನ್ನು ನಾಲ್ಕಕ್ಕೆ ತಿದ್ದಿ ಅಂಕಪುಸ್ತಕದಲ್ಲಿ ರುಜು ಹಾಕಿದೆವು. ಐದನೆಯ ಅಂಕವನ್ನು ಏಕೆ ಹಿಡಿದಿರೆಂದು ಅವನು ಕೇಳಿದ. ಇದ್ದುದನ್ನೂ ಎರಡು ಸಾಲು ಬರೆಯಬೇಕಾಗಿತ್ತೆಂದು ಹೇಳಿದೆವು.