ನರಿಯ ಮರಿಗೆ ಮಾರ್ಕು ಕೊಡಬೇಕೋ ಬೇಡವೋ?

ಕಳೆದ ತಿಂಗಳು ಮಡಿಕೇರಿ ಕಡೆಯ ಗೆಳೆಯನೊಬ್ಬ ಒಂದು ಕೆಲಸ ಹಚ್ಚಿದ. ಅವರೂರಿನ ಮಕ್ಕಳಿಗೆ ಕ್ವಿಜ್ ಮಾಡಬೇಕು, ಪ್ರಶ್ನೆಗಳನ್ನು ನಾನು ಜೋಡಿಸಿಕೊಡಬೇಕು. ಅದಕ್ಕೇನಂತೆ ಅಂತ ಒಂದು ಎಕ್ಸೆಲ್ ಹಾಳೆ ತೆಗೆದು ಕೂತೆ. ಪ್ರಶ್ನೆ, ನಾಲ್ಕು ಆಯ್ಕೆ, ಕೊನೆಯ ಕಾಲಮ್ಮಿನಲ್ಲಿ ಸರಿಯುತ್ತರ. ನಾವೆಲ್ಲ ಬಾಯಿಪಾಠ ಹೊಡೆದ ಪ್ರಶ್ನೆಗಳೇ: ಸಿಂಹದ ಮರಿ ಕಬ್, ಕುದುರೆಯ ಮರಿ ಫೋಲ್, ನಾಯಿಯ ಮನೆ ಕೆನಲ್, ಕತ್ತೆಯ ಕೂಗು ಬ್ರೇ. ನಡುನಡುವೆ ಕನ್ನಡದ ಪ್ರಶ್ನೆಗಳನ್ನೂ ಹಾಕಿದ್ದೆ.

ಕ್ವಿಜ್ ಮುಗಿದ ಮೇಲೆ ಗೆಳೆಯ ಫೋನ್ ಮಾಡಿದ. "ಮಾರಾಯ, ಒಂದು ಜಗಳ ಆಯ್ತು" ಅಂದ. ಹುಲಿಯ ಚಿತ್ರ ತೋರಿಸಿ ಇದು ಯಾವ ಪ್ರಾಣಿಯ ಮರಿ ಅಂತ ಕೇಳಿದ್ದಕ್ಕೆ ಮನೆಯಲ್ಲಿ ಕೊಡವ ತಕ್ಕ್ ಮಾತಾಡುವ ಪುಟ್ಟ ಹುಡುಗಿಯೊಬ್ಬಳು "ನರಿ" ಅಂತ ಒತ್ತಿದ್ದಳಂತೆ. ಆಯ್ಕೆಗಳಲ್ಲಿ ಹುಲಿಯೂ ಇತ್ತು, ನರಿಯೂ ಇತ್ತು. ಮಾರ್ಕು ಹೋಯಿತು. ಮಗು ಅಳುತ್ತಾ "ನಮ್ಮನೇಲಿ ಇದನ್ನ ನರಿ ಅಂತಾನೇ ಹೇಳೋದು" ಅಂದಿತಂತೆ. ತಪ್ಪು ಮಗುವಿನದಲ್ಲ, ಪ್ರಶ್ನೆ ಮಾಡಿದ ನನ್ನದು. ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿಯೇ!

ಆ ಒಂದು ಮಾರ್ಕಿನ ಹಿಂದೆ ಬಿದ್ದು ಓದಿದ್ದನ್ನು ಇಲ್ಲಿ ಬರೀತಿದ್ದೇನೆ.

ಮೊದಲು ಇಂಗ್ಲಿಷಿನದ್ದು. ಒಂದೊಂದು ಪ್ರಾಣಿಯ ಮರಿಗೆ, ಮನೆಗೆ, ಕೂಗಿಗೆ ಒಂದೊಂದು ಪ್ರತ್ಯೇಕ ಪದ ಇರಬೇಕು ಅನ್ನುವ ಈ ಹಟ ಎಲ್ಲಿಂದ ಬಂತು? ಬಹುಪಾಲು ಬೇಟೆಯಿಂದ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬೇಟೆ ಅನ್ನೋದು ದೊರೆಗಳ, ಜಮೀನ್ದಾರರ ಆಟ. ಅದಕ್ಕೆ ತಕ್ಕ ಮಾತು ಬಾರದವನು ದೊಡ್ಡಮನುಷ್ಯನಲ್ಲ. 1486ರಲ್ಲಿ ಅಚ್ಚಾದ 'ಬುಕ್ ಆಫ್ ಸೇಂಟ್ ಆಲ್ಬನ್ಸ್' ಎಂಬ ಪುಸ್ತಕದಲ್ಲಿ ಇಂಥ ಪದಗಳ ಪಟ್ಟಿಗಳಿವೆ. ಪ್ರಾಣಿಗಳ ಗುಂಪಿಗೆ ಏನೇನು ಹೆಸರು ಅನ್ನುವ ಇವತ್ತಿನ ಕ್ವಿಜ್ ಪ್ರಶ್ನೆಗಳ ಮುತ್ತಜ್ಜ ಅದೇ. ನೂರು ವರ್ಷದ ನಂತರ, 1598ರಲ್ಲಿ, ಜಾನ್ ಮ್ಯಾನ್‌ವುಡ್ ಎಂಬ ವಕೀಲ ಅರಣ್ಯ ಕಾನೂನಿನ ಬಗ್ಗೆ ಬರೆದ ಪುಸ್ತಕದಲ್ಲೂ ಈ ಪದಗಳೇ ಬರುತ್ತವೆ. ಅಂದಿನ ಬೇಟೆಗಾರರ ಲೆಕ್ಕದಲ್ಲಿ ಎರಡು ಜಾತಿಯ ಗಂಡು ಜಿಂಕೆಗಳಿಗೆ ಕೂಗೂ ಬೇರೆ, ಮಲಗುವ ಜಾಗದ ಹೆಸರೂ ಬೇರೆ. ಒಂದು ಮಜಾ ಏನಂದ್ರೆ ಆಗ ಕೆನಲ್ ಅನ್ನುವ ಪದ ಇಂಗ್ಲೆಂಡಿನ ನರಿಗೂ ಸಲ್ಲುತ್ತಿತ್ತು. ಲ್ಯಾಟಿನ್ನಿನಲ್ಲಿ ನಾಯಿಗೆ ಕಾನಿಸ್ ಅಂತಾರೆ, ಅದರಿಂದ ಫ್ರೆಂಚ್ ಹಾದಿ ಹಿಡಿದು ಬಂದ ಪದ ಅದು. ಆದರೂ ನರಿ ಬಿಲದಲ್ಲಿ ಅಡಗಿದರೆ 'ಕೆನಲ್ ಆಯಿತು' ಅನ್ನೋರು.

ಉತ್ತರಗಳೂ ಕಾಲಕ್ಕೆ ತಕ್ಕಂತೆ ಬದಲಾಗಿವೆ. ಕಬ್ ಅನ್ನುವ ಪದ ಬರವಣಿಗೆಯಲ್ಲಿ ಕಾಣಿಸುವುದು 16ನೇ ಶತಮಾನದಲ್ಲಿ, ಅದೂ ಮೊದಲು ನರಿಯ ಮರಿಗೆ. ಸಿಂಹದ ಮರಿಗೆ ಆಗ ವೆಲ್ಪ್ ಎನ್ನುತ್ತಿದ್ದರು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಸಿಂಹದ ಮರಿ ವೆಲ್ಪೇ. ಆ ಕಾಲದಲ್ಲಿ ನನ್ನ ಎಕ್ಸೆಲ್ ಹಾಳೆ ಕೊಟ್ಟಿದ್ದರೆ 'ಸರಿಯುತ್ತರ' ಕಾಲಮ್ಮಿಗೆ ಅಡ್ಡಗೀಟು ಬೀಳುತ್ತಿತ್ತು :-)

ಈಗ ನಮ್ಮದಕ್ಕೆ ಬರೋಣ. ಕನ್ನಡದಲ್ಲಿ ಮರಿಗಳ ಲೆಕ್ಕ ಎಷ್ಟು ಸರಳ ನೋಡಿ. ನಾಯಿಮರಿ, ಬೆಕ್ಕಿನಮರಿ, ಹುಲಿಮರಿ, ಆನೆಮರಿ, ಕೋಳಿಮರಿ, ಹಾವಿನಮರಿ. ಎಲ್ಲಕ್ಕೂ ಒಂದೇ ಪದ. ಹಸು, ಎಮ್ಮೆ ಮಾತ್ರ ಹೊರಗೆ, ಅವು ಹಾಕುವುದು ಕರು. ಎಮ್ಮೆ ಮರಿ ಹಾಕಿತು ಅಂದರೆ ಹಳ್ಳಿಯಲ್ಲಿ ಮಕ್ಕಳೂ ನಗುತ್ತಾರೆ.

ಆದರೆ ಇದು ಮೊದಲಿಂದ ಹೀಗಿರಲಿಲ್ಲ. ತಮಿಳಿನ ಅತಿ ಹಳೆಯ ವ್ಯಾಕರಣ ತೊಲ್ಕಾಪ್ಪಿಯಂನಲ್ಲಿ ಮರಪಿಯಲ್ ಅಂತ ಒಂದು ಭಾಗ ಇದೆ. ಅಲ್ಲಿ ಪ್ರಾಣಿಗಳ ಮರಿಗಳಿಗೆ ಒಂಬತ್ತು ಪದ ಕೊಟ್ಟು ಯಾವುದು ಯಾವುದಕ್ಕೆ ಸಲ್ಲುತ್ತದೆ ಅಂತ ಹೇಳಿದೆ. ನಮ್ಮ ಕ್ವಿಜ್ ಪಟ್ಟಿಯ ಹಾಗೆಯೇ! ಅಲ್ಲಿ ಆನೆ, ಕುದುರೆ, ಕತ್ತೆ, ಹಸುವಿನ ಮರಿಗೆ 'ಕನ್ಱು'. ಆಡು ಮತ್ತು ಜಿಂಕೆ ಜಾತಿಯವಕ್ಕೆ 'ಮಱಿ'. ನಾಯಿ, ಹಂದಿ, ಹುಲಿ, ಮೊಲಕ್ಕೆ 'ಕುರುಳೈ'.

ಈ ಕನ್ಱುವೇ ನಮ್ಮ ಕರು. ಹೇಗೆ ಅಂತೀರಾ? ತಮಿಳಿನ 'ಮೂನ್ಱು' ಕನ್ನಡದಲ್ಲಿ ಮೂಱು ಆಗಿ, ಆಮೇಲೆ ಹಳೆಯ ಱಕಾರ ಬಿದ್ದುಹೋಗಿ ಮೂರು ಆಗಿದೆ. ಅದೇ ದಾರಿಯಲ್ಲಿ ಕನ್ಱು ಕಱು ಆಗಿ ಕರು ಆಯಿತು. ತುಳುವಿನವರನ್ನು ಕೇಳಿ, ಮೂರಕ್ಕೆ ಮೂಜಿ, ಕರುವಿಗೆ ಕಂಜಿ. ಮೂರೂ ಭಾಷೆಯಲ್ಲಿ ಎರಡು ಪದಗಳೂ ಒಂದೇ ಅಚ್ಚಿನಲ್ಲಿ ಬದಲಾಗಿವೆ. ಎರಡು ಪದಗಳ ನಂಟು ಕೇವಲ ಹೋಲಿಕೆಯೋ ನಿಜವೋ ಅಂತ ಭಾಷಾಶಾಸ್ತ್ರದವರು ನೋಡುವುದು ಹೀಗೆ. ಒಂದು ಪದ ಹೋಲಿದರೆ ಸಾಲದು, ಅದೇ ಬದಲಾವಣೆ ಇನ್ನೊಂದು ಪದದಲ್ಲೂ ಕಾಣಬೇಕು.

ಮಱಿಯ ಕಥೆ ಇನ್ನೂ ಚೆನ್ನಾಗಿದೆ. ತಮಿಳಿನಲ್ಲಿ ಆಡು-ಜಿಂಕೆಗಳ ಸುತ್ತಲೇ ಇದ್ದ ಪದ ಕನ್ನಡದಲ್ಲಿ ಕಾಡು ನಾಡನ್ನೆಲ್ಲ ಆಕ್ರಮಿಸಿತು. ಕನ್ಱು ಮಾತ್ರ ಆನೆ, ಕುದುರೆ, ಕತ್ತೆಗಳನ್ನೆಲ್ಲ ಬಿಟ್ಟುಕೊಟ್ಟು ಕೊಟ್ಟಿಗೆಗೆ ಸೇರಿಕೊಂಡಿತು. ಅದರ ಹಳೆಯ ಅಗಲದ ಒಂದು ಗುರುತು ಕೊಡಗಿನ ಕಾಫಿ ತೋಟದಲ್ಲಿ ಈಗಲೂ ಸಿಗುತ್ತದೆ. ತಾಯಿಬಾಳೆಯ ಬುಡದಲ್ಲಿ ಏಳುವ ಮರಿಗೆ ಬಾಳೆಕಂದು ಅಂತೀವಲ್ಲ, ಆ ಕಂದು ಇದೇ ಮನೆತನದ್ದು. ಮಲಯಾಳಿಗಳು ಅದನ್ನೇ ಕನ್ನ್ ಅನ್ನುತ್ತಾರೆ.

ಕರು ಯಾಕೆ ಬೇರೆಯಾಗಿ ಉಳಿಯಿತು? ಅಲ್ಲಿ ಮನುಷ್ಯನ ಬದುಕು ಇತ್ತು. ಹೋರಿಗರುವೋ ಹೆಂಗರುವೋ ಅನ್ನುವುದರ ಮೇಲೆ ಮುಂದಿನ ಉಳುಮೆ, ಮುಂದಿನ ಹಾಲು ನಿಂತಿತ್ತು. ಇನ್ನೂ ಗಬ್ಬವಾಗದ ಹಸು ಕಡಸು, ಕೆಲವು ಕಡೆ ಮಣಕ. ಇಷ್ಟು ಸೂಕ್ಷ್ಮ ನಮಗೆ ಹುಲಿಯಲ್ಲಿ ಬೇಕಾಗಲಿಲ್ಲ. ಇಂಗ್ಲಿಷ್ ದೊರೆಗೆ ಜಿಂಕೆಯಲ್ಲಿ ಬೇಕಾಯಿತು.

ಮನೆಗಳಲ್ಲೂ ಇದೇ ಲೆಕ್ಕ. ಇಂಗ್ಲಿಷಿನಲ್ಲಿ ಕಾಡುಪ್ರಾಣಿಯ ಮನೆಗೆ ಹೆಸರಿಡುವಾಗ ಒಳಗೆ ಯಾರಿದ್ದಾರೆ ಅಂತ ನೋಡುತ್ತಾರೆ. ಕನ್ನಡದಲ್ಲಿ ಮನೆ ಹೇಗಾಯಿತು ಅಂತ ನೋಡುತ್ತೇವೆ. ಕಟ್ಟಿದ್ದರೆ ಗೂಡು, ತೋಡಿದ್ದರೆ ಬಿಲ, ಮರದ ತೂತಾದರೆ ಪೊಟರೆ. ಒಳಗೆ ಇಲಿ ಇರಲಿ, ಹಾವಿರಲಿ, ಏಡಿ ಇರಲಿ, ಬಿಲ ಬಿಲವೇ. ಆದರೆ ಸಾಕಿದ ಪ್ರಾಣಿ ಬಂದ ತಕ್ಷಣ ನಾವೂ ಯಾರ ಮನೆ ಅಂತ ಕೇಳುತ್ತೇವೆ: ಹಸುವಿಗೆ ಕೊಟ್ಟಿಗೆ, ಕುದುರೆಗೆ ಲಾಯ, ಕುರಿಗೆ ರೊಪ್ಪ. ಸಾಕಿದ್ದಕ್ಕೆ ಹೆಸರು, ಸಾಕದ್ದಕ್ಕೆ ಆಕಾರ!

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಸೇರ್ಪಡೆ ಇದೆ. ಕುಶಾಲನಗರದ ಹತ್ತಿರ ಕಾವೇರಿ ದಂಡೆಯ ದುಬಾರೆ, ಆಚೆ ಮತ್ತಿಗೋಡು ಆನೆ ಶಿಬಿರಗಳಲ್ಲಿ ತೋಟಗಳಿಂದ ಹಿಡಿದು ತಂದ ಪುಂಡಾನೆಯನ್ನು ದಪ್ಪ ಮರದ ದಿಮ್ಮಿಗಳ ಕಟ್ಟಿನೊಳಗೆ ಕೂಡುತ್ತಾರೆ. ಅದಕ್ಕೆ ಎಲ್ಲರೂ ಕ್ರಾಲ್ ಅನ್ನುತ್ತಾರೆ, ಪತ್ರಿಕೆಗಳಲ್ಲೂ ಹಾಗೇ ಬರುತ್ತದೆ. ಪೋರ್ಚುಗೀಸರ ಕುರ್ರಾಲ್, ಅಂದರೆ ದನದ ದೊಡ್ಡಿ, ದಕ್ಷಿಣ ಆಫ್ರಿಕದ ಡಚ್ಚರ ಬಾಯಲ್ಲಿ ಕ್ರಾಲ್ ಆಯಿತು. ಸಿಂಹಳದಲ್ಲಿ ಆನೆ ಹಿಡಿಯುವ ಆವರಣಕ್ಕೂ ಅದೇ ಹೆಸರಿತ್ತು. ಕಾಡಿನಲ್ಲಿ ಆನೆಗೆ ನಾವು ಯಾವ ಮನೆಯ ಹೆಸರನ್ನೂ ಕೊಟ್ಟಿರಲಿಲ್ಲ. ಹಿಡಿದು ಕೂಡಿದ ಮೇಲೆ ಬೇಕಾಯಿತು.

ಇನ್ನು ಆ ಹುಡುಗಿಯ ನರಿ. ತಮಿಳು, ಕನ್ನಡದಲ್ಲಿ ನರಿ ಅಂದರೆ ಊಳಿಡುವ ಸಣ್ಣ ಪ್ರಾಣಿ. ಕೊಡವರಲ್ಲಿ ಅದು ಹುಲಿ. ಹಿಂದೆ ಕೊಡಗಿನಲ್ಲಿ ಹುಲಿ ಕೊಂದವನಿಗೆ 'ನರಿ ಮಂಗಲ' ಅಂತ ಮಾಡುತ್ತಿದ್ದರು. ಸತ್ತ ಹುಲಿಯನ್ನು ಬಿದಿರಿನ ಚೌಕಟ್ಟಿಗೆ ಕಟ್ಟಿ ನಿಲ್ಲಿಸಿ, ಬೇಟೆಗಾರನನ್ನು ಮದುಮಗನ ಹಾಗೆ ಕೂರಿಸಿ, ಬಂದವರೆಲ್ಲ ಅಕ್ಕಿ ಹಾಕಿ ಹರಸುತ್ತಿದ್ದರು. ಇದನ್ನು ಕನ್ನಡದ ಕಿವಿಯಲ್ಲಿ ಕೇಳಿ 'ನರಿಯ ಮದುವೆ' ಅಂತ ಅರ್ಥ ಮಾಡಿಕೊಂಡರೆ ಎಂಥ ಎಡವಟ್ಟು! 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಲಿ ಬೇಟೆಗೆ ಜಾಗವಿಲ್ಲ. ಪದ ಉಳಿದಿದೆ.

ಪ್ರಾಣಿಯ ಹೆಸರು ಹೀಗೆ ಇನ್ನೊಂದಕ್ಕೆ ಜಾರುವುದು ವಿಚಿತ್ರವೇನಲ್ಲ. ಇಂಗ್ಲಿಷಿನ ಡಿಯರ್ ಹಿಂದೆ ಯಾವುದೇ ಪ್ರಾಣಿಗೆ ಸಲ್ಲುತ್ತಿತ್ತು, ಈಗ ಜಿಂಕೆಗೆ ಮಾತ್ರ. ಸಂಸ್ಕೃತದ ಮೃಗಕ್ಕೆ ಜಿಂಕೆ ಎಂಬ ಅರ್ಥವೂ ಇದೆ, ಮೃಗನಯನಿ ಅನ್ನುವಾಗ ನಾವು ನೆನೆಯುವುದು ಜಿಂಕೆಯ ಕಣ್ಣನ್ನೇ. ಆದರೆ ಕನ್ನಡದಲ್ಲಿ "ಮೃಗ ಕಣೋ ನೀನು" ಅಂತ ಬೈದರೆ ಯಾರೂ ಜಿಂಕೆ ಅಂದುಕೊಳ್ಳಲ್ಲ.

ಮಾರ್ಕಿನ ವಿಷಯ. ತೊಲ್ಕಾಪ್ಪಿಯಂನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಪಟ್ಟಿಯಲ್ಲ, ಪಟ್ಟಿಯ ನಂತರದ ಸಡಿಲ. ನಾಯಿ, ಹುಲಿ ಮೊದಲಾದವಕ್ಕೆ ಕುರುಳೈ ಅಂತ ಹೇಳಿದ ಮೇಲೆ, ಅವಕ್ಕೆ 'ಕುಟ್ಟಿ', 'ಪಱೞ್' ಅಂದರೂ ಅಡ್ಡಿಯಿಲ್ಲ ಅಂತ ಅವನೇ ಒಪ್ಪುತ್ತಾನೆ. ಅಷ್ಟು ಹಳೆಯ ವ್ಯಾಕರಣಕಾರನ ಹಾಳೆಯಲ್ಲಿ ಒಂದು ಪ್ರಶ್ನೆಗೆ ಎರಡು ಮೂರು ಸರಿಯುತ್ತರಕ್ಕೆ ಜಾಗವಿತ್ತು, ನನ್ನ ಎಕ್ಸೆಲ್ಲಿನಲ್ಲಿ ಒಂದೇ ಕಾಲಮ್ಮು.

ಹಾಳೆ ತಿದ್ದಿದ್ದೇನೆ. ಯಾವ ಭಾಷೆಯಲ್ಲಿ ಅನ್ನುವ ಕಾಲಮ್ಮೊಂದನ್ನು ಸೇರಿಸಿ, ಹುಲಿ ಇರುವ ಪ್ರಶ್ನೆಯ ಆಯ್ಕೆಗಳಿಂದ ನರಿಯನ್ನು ತೆಗೆದಿದ್ದೇನೆ. ಗೆಳೆಯ ಆ ಮಗುವಿನ ಮನೆಗೆ ಹೋಗಿ "ನೀನು ಹೇಳಿದ್ದೂ ಸರಿ ಕಣಮ್ಮ" ಅಂತ ಹೇಳಿ ಮಾರ್ಕು ಸೇರಿಸಿ ಬಂದ. ಆ ಒಂದು ಮಾರ್ಕಿನಿಂದ ಅವಳಿಗೆ ಬಹುಮಾನವೇನೂ ಬರಲಿಲ್ಲ. ಆದರೆ ಅವಳು ಗೆಳೆಯನಿಗೆ ಒಂದು ಪ್ರಶ್ನೆ ಹಾಕಿದಳಂತೆ: "ಹಾಗಾದ್ರೆ ಮಾವ, ನಿಮ್ಮ ನರಿಗೆ ನಮ್ಮ ಭಾಷೇಲಿ ಏನಂತಾರೆ ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಓದುವವರಲ್ಲಿ ಕೊಡಗಿನವರು ಇದ್ದರೆ ಹೇಳಿ, ಅವನ ಮಾನ ಉಳಿಸಿ. ಉಳಿದವರು ನಿಮ್ಮೂರಲ್ಲಿ ಕಡಸಿಗೆ, ರೊಪ್ಪಕ್ಕೆ ಏನಂತೀರಿ ಅಂತ ಬರೀರಿ. ಹಾಳೆಯಲ್ಲಿ ಈಗ ಜಾಗ ಇದೆ.