ಹಾಸಿಗೆ ಹುಣ್ಣಿನ ತಡೆ: ಮಗ್ಗುಲು ವೇಳಾಪಟ್ಟಿ ಮತ್ತು ಚರ್ಮ ಪರೀಕ್ಷೆಯ ತಖ್ತೆ

ಸಾರಾಂಶ: ಮನೆಯಲ್ಲಿ ಹಾಸಿಗೆ ಹಿಡಿದ ರೋಗಿಯ ಮಗ್ಗುಲನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕೆಂಬುದನ್ನು ಗಡಿಯಾರವೊಂದೇ ನಿರ್ಧರಿಸಬಾರದು, ಆಗಷ್ಟೇ ಒತ್ತಡ ತಪ್ಪಿದ ಚರ್ಮವೂ ನಿರ್ಧರಿಸಬೇಕು. ಆದ್ದರಿಂದ ವೇಳಾಪಟ್ಟಿಯೂ ಚರ್ಮದ ತಖ್ತೆಯೂ ಒಂದೇ ಹಾಳೆಯಲ್ಲಿರಬೇಕೆಂಬುದು ಈ ಲೇಖನದ ವಾದ.

ಅವಧಿಯ ಪ್ರಶ್ನೆ

ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದಿದ್ದಾಗ ಹುಣ್ಣು ಹುಟ್ಟುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿ. ಬರ್ಗ್‌ಸ್ಟ್ರಾಮ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2, 3 ಮತ್ತು 4 ಗಂಟೆಗಳ ಅಂತರಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಅದರಲ್ಲಿದ್ದವರು ಅಮೆರಿಕ ಮತ್ತು ಕೆನಡಾದ ಶುಶ್ರೂಷಾಲಯಗಳಲ್ಲಿ ಹೆಚ್ಚು ಸಾಂದ್ರತೆಯ ಫೋಮ್ ಹಾಸಿಗೆಯ ಮೇಲೆ ಮಲಗಿದ್ದವರು. ಬಳಸಿ ಬಳಸಿ ಗಂಟುಕಟ್ಟಿದ ನಮ್ಮ ಹತ್ತಿ ಹಾಸಿಗೆಗೆ ಆ ಫಲಿತಾಂಶವನ್ನು ಅನ್ವಯಿಸಲಾಗದು. ಇಲ್ಲಿ ಎರಡು ಗಂಟೆಯಿಂದಲೇ ಆರಂಭಿಸುವುದು ಕ್ಷೇಮ.

ಚರ್ಮವನ್ನು ಓದುವ ಬಗೆ

ಕೆಂಪಾದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಅದು ಬಿಳಿಚಿಕೊಳ್ಳದಿದ್ದರೆ ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪೂ ಬಿಳಿಚುವಿಕೆಯೂ ಕಣ್ಣಿಗೆ ಬೀಳದಿರಬಹುದು. ಆಗ ಕೈಯೇ ಆಧಾರ. ಸುತ್ತಲಿನ ಚರ್ಮಕ್ಕೆ ಹೋಲಿಸಿದರೆ ಆ ಜಾಗ ಬಿಸಿಯೋ ತಣ್ಣಗೋ, ಗಡುಸೋ ಮೆತ್ತಗೋ, ಮುಟ್ಟಿದರೆ ನೋವೋ ಎಂದು ನೋಡಬೇಕು. ಹಾಗಾಗಿ ತಖ್ತೆಯಲ್ಲಿ ವೇಳೆ, ಬಿಟ್ಟ ಮಗ್ಗುಲು, ಹಿಡಿದ ಮಗ್ಗುಲು, ಬಣ್ಣ, ಬಿಸಿ, ಗಡಸುತನ, ನೋವು, ತೇವ ಇವಕ್ಕೆ ಬೇರೆ ಬೇರೆ ಅಂಕಣಗಳಿರಬೇಕು.

ಒಂದು ಉದಾಹರಣೆ

ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿದ ವೃದ್ಧೆಯೊಬ್ಬರು ಹತ್ತಿ ಹಾಸಿಗೆಯ ಮೇಲಿದ್ದಾರೆ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ 6ಕ್ಕೆ ಅಂಗಾತ, 8ಕ್ಕೆ ಎಡಮಗ್ಗುಲು, 10ಕ್ಕೆ ಬಲಮಗ್ಗುಲು ಎಂಬುದು ಪಟ್ಟಿ. ಮಗ್ಗುಲಾಗಿಸುವಾಗ ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟೇ ವಾಲಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಎಲುಬಿನ ಮೇಲೆ ಬೀಳುತ್ತದೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಬೇಕು.

8 ಗಂಟೆಗೆ ಬೆನ್ನಿನ ಬುಡದಲ್ಲಿ ಚರ್ಮ ಕಪ್ಪಾಗಿ ಬಿಸಿಯಾಗಿದೆ. ಅರ್ಧ ಗಂಟೆಯ ನಂತರ ಮತ್ತೆ ನೋಡಿದರೂ ಹಾಗೆಯೇ ಇದೆ. ಅಂದರೆ ಆ ಜಾಗಕ್ಕೆ ಎರಡು ಗಂಟೆ ಹೆಚ್ಚಾಯಿತು. ಚರ್ಮ ಮಾಮೂಲಿಗೆ ಬರುವವರೆಗೆ ಪಟ್ಟಿಯಿಂದ ಅಂಗಾತವನ್ನು ತೆಗೆದು, ಎಡಬಲ ಮಾತ್ರ ಉಳಿಸಬೇಕು. ಸ್ಪರ್ಶಜ್ಞಾನ ಕುಂದಿದ ಬಲಗಡೆಗೆ ಕಡಿಮೆ ಹೊತ್ತು ಕೊಡಬೇಕು. ಕಪ್ಪಾದ ಜಾಗವನ್ನು ತಿಕ್ಕಬಾರದು. ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ನಡುವೆ ತೂತಿರುವ ರಿಂಗ್ ದಿಂಬೂ ಬೇಡ. ಅದರ ಅಂಚು ಸುತ್ತಲಿನ ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆ.

ಮಿತಿಗಳು

ರಾತ್ರಿ ಕುಳಿತು ಇಡೀ ದಿನದ ಅಂಕಣಗಳನ್ನು ಒಟ್ಟಿಗೆ ತುಂಬಿದ ತಖ್ತೆಯಿಂದ ಪ್ರಯೋಜನವಿಲ್ಲ. ಎಲ್ಲ ಸಾಲುಗಳಲ್ಲೂ ‘ಸರಿಯಿದೆ’ ಎಂದೇ ಇದ್ದರೆ ಅನುಮಾನಿಸಬೇಕು. ಬೊಬ್ಬೆ ಎದ್ದರೆ, ಚರ್ಮ ಸುಲಿದರೆ ಅಥವಾ ನೇರಳೆಗಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಎರಡು ಗಂಟೆ ತಪ್ಪದೆ ಪಾಲಿಸಿದರೂ ಗುರುತು ಮರುಕಳಿಸಿದರೆ, ಆರೈಕೆ ಮಾಡುವವರನ್ನು ಗಂಟೆಗೊಮ್ಮೆ ಎಬ್ಬಿಸುವುದಕ್ಕಿಂತ ಮೊದಲು ಹಾಸಿಗೆಯನ್ನು ಬದಲಿಸಬೇಕು.