ಕಾರ್ಖಾನೆಯ ಮೇಲ್ವೆಚ್ಚದ ಕಡಿಮೆ ಹೀರಿಕೆ ಮತ್ತು ಅಧಿಕ ಹೀರಿಕೆ: ಕೆ.ಆರ್. ನಗರದ ಸಕ್ಕರೆ ಉದ್ದಿಮೆಯ ನೆಲೆಯಲ್ಲಿ

ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆಯ ಮಳೆಯಾಶ್ರಿತ ಹೊಲಗಳು ಹೊಗೆಸೊಪ್ಪಿಗೆ ಹೆಸರಾಗಿದ್ದರೆ, ಕಾವೇರಿ ನಾಲೆಗಳ ನೀರಿರುವ ಕೆ.ಆರ್. ನಗರದ ಕಬ್ಬನ್ನು ನಂಬಿ ಚುಂಚನಕಟ್ಟೆಯಲ್ಲಿ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆ ನೆಲೆಗೊಂಡಿತು. ಕಬ್ಬು ನುರಿಸುವ ಹಂಗಾಮು ಕೆಲವೇ ತಿಂಗಳದ್ದಾದರೂ ಮೇಲ್ವಿಚಾರಕರ ಸಂಬಳ, ಯಂತ್ರಗಳ ಸವಕಳಿ, ದುರಸ್ತಿ, ವಿಮೆ ಮುಂತಾದ ಮೇಲ್ವೆಚ್ಚಗಳು ವರ್ಷವಿಡೀ ಬರುತ್ತವೆ. ಇವು ಯಾವುದೇ ಒಂದು ಮೂಟೆ ಸಕ್ಕರೆಗೆ ನೇರವಾಗಿ ಅಂಟದ ಖರ್ಚುಗಳಾದುದರಿಂದ, ವರ್ಷದ ಅಂದಾಜು ವೆಚ್ಚವನ್ನು ಸಾಮಾನ್ಯವಾಗಿ ನುರಿಸಬಹುದಾದ ಕಬ್ಬಿನ ಪ್ರಮಾಣದಿಂದ ಭಾಗಿಸಿ ಮುಂಚಿತವಾಗಿಯೇ ಒಂದು ದರವನ್ನು ನಿಗದಿ ಮಾಡಲಾಗುತ್ತದೆ. ಆ ದರದಂತೆ ಉತ್ಪನ್ನದ ಮೇಲೆ ವೆಚ್ಚ ಹಾಕುವುದೇ ಹೀರಿಕೆ. ಹೀರಿದ ಮೊತ್ತ ನಿಜವಾದ ವೆಚ್ಚಕ್ಕಿಂತ ಕಡಿಮೆಯಾದರೆ ಕಡಿಮೆ ಹೀರಿಕೆ, ಹೆಚ್ಚಾದರೆ ಅಧಿಕ ಹೀರಿಕೆ.

ಈ ವ್ಯತ್ಯಾಸದ ಚರ್ಚೆ ಹಳೆಯದು. ಎ. ಹ್ಯಾಮಿಲ್ಟನ್ ಚರ್ಚ್ 1901ರ ಲೇಖನಗಳಲ್ಲಿ, ಯಂತ್ರದರದಿಂದ ತೀರದೆ ಉಳಿದ ವೆಚ್ಚವನ್ನು ಪೂರಕ ದರದ ಮೂಲಕ ಕೆಲಸಗಳ ಮೇಲೆಯೇ ಹಾಕಬೇಕೆಂದು ಸೂಚಿಸಿದರೆ, ಹೆನ್ರಿ ಗ್ಯಾಂಟ್ 1915ರಲ್ಲಿ, ಸುಮ್ಮನೆ ನಿಂತ ಯಂತ್ರದ ವೆಚ್ಚ ತಯಾರಾದ ಸರಕಿನದಲ್ಲ, ಅದು ವ್ಯವಹಾರದ ನಷ್ಟವೆಂದು ವಾದಿಸಿದರು. ಭಾರತದ ದಾಸ್ತಾನು ಮೌಲ್ಯಮಾಪನದ ಎರಡನೆಯ ಲೆಕ್ಕಪತ್ರ ಮಾನದಂಡವು ಸ್ಥಿರ ಮೇಲ್ವೆಚ್ಚವನ್ನು ಸಾಮಾನ್ಯ ಸಾಮರ್ಥ್ಯದ ಆಧಾರದಲ್ಲೇ ಹಂಚಬೇಕೆಂದು ಹೇಳುವಾಗ ಗ್ಯಾಂಟನ ಪಕ್ಷವನ್ನೇ ಹಿಡಿದಿದೆ.

ಚುಂಚನಕಟ್ಟೆಯದಲ್ಲದ, ವಿವರಣೆಗಾಗಿ ಮಾತ್ರ ಕಲ್ಪಿಸಿದ ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಸ್ಥಿರ ಮೇಲ್ವೆಚ್ಚ 6 ಕೋಟಿ ರೂಪಾಯಿ, ಸಾಮಾನ್ಯ ನುರಿಕೆ 3 ಲಕ್ಷ ಟನ್ ಎಂದಾದರೆ ದರ ಟನ್ನಿಗೆ 200 ರೂಪಾಯಿ. ಮಳೆ ಕೈಕೊಟ್ಟು, ಇದ್ದ ಕಬ್ಬಿನಲ್ಲೂ ಒಂದಷ್ಟು ಆಲೆಮನೆಗಳಿಗೆ ಹೋಗಿ, 2.4 ಲಕ್ಷ ಟನ್ ಮಾತ್ರ ನುರಿದರೆ ಹೀರಿದ್ದು 4.8 ಕೋಟಿ, ಖರ್ಚು 6 ಕೋಟಿಯೇ ಆಗಿರುವುದರಿಂದ ಕಡಿಮೆ ಹೀರಿಕೆ 1.2 ಕೋಟಿ. ಪೂರಕ ದರ ಹಾಕಿದರೆ ಟನ್ನಿಗೆ 50 ರೂಪಾಯಿ ಸೇರುತ್ತದೆ. ಸಕ್ಕರೆಯ ಕಾಲುಭಾಗ ಉಗ್ರಾಣದಲ್ಲಿ ಉಳಿದಿದ್ದರೆ 30 ಲಕ್ಷ ದಾಸ್ತಾನಿನ ಮೌಲ್ಯಕ್ಕೂ 90 ಲಕ್ಷ ಮಾರಿದ ಸರಕಿನ ವೆಚ್ಚಕ್ಕೂ ಹೋಗುತ್ತದೆ. ಆದರೆ ಇಲ್ಲಿ ಕಾರಣ ಕಬ್ಬಿನ ಅಸಾಮಾನ್ಯ ಕೊರತೆ. ಆದ್ದರಿಂದ ಪೂರ್ತಿ 1.2 ಕೋಟಿಯನ್ನು ಆ ವರ್ಷದ ಲಾಭ-ನಷ್ಟ ಖಾತೆಗೇ ಬರೆಯುವುದು ಸರಿ. ನುರಿಕೆ ಸಾಮಾನ್ಯವಾಗಿದ್ದು, ಸಂಬಳ ಪರಿಷ್ಕರಣೆಯಂಥ ಕಾರಣದಿಂದ ಅಂದಾಜೇ ತಪ್ಪಿದ್ದರೆ ಮಾತ್ರ ಪೂರಕ ದರ ಒಪ್ಪುತ್ತದೆ. ನುರಿಕೆ 3.3 ಲಕ್ಷ ಟನ್ನಿಗೇರಿ 60 ಲಕ್ಷ ಅಧಿಕ ಹೀರಿಕೆಯಾದರೆ ಅದರಲ್ಲಿ ದಾಸ್ತಾನಿಗೆ ಸೇರಿದ ಪಾಲನ್ನು ದಾಸ್ತಾನಿನ ಮೌಲ್ಯದಿಂದ ಕಳೆಯಲೇಬೇಕು. ಇಲ್ಲವಾದರೆ ಸಕ್ಕರೆಗೆ ತಗಲಿದ್ದಕ್ಕಿಂತ ಹೆಚ್ಚಿನ ಬೆಲೆ ಕಟ್ಟಿದಂತಾಗುತ್ತದೆ.

ತಿಂಗಳ ಲೆಕ್ಕ ನೋಡುವವರು ಎಡವುವ ಜಾಗ ಬೇರೊಂದಿದೆ. ಹಂಗಾಮಿಲ್ಲದ ತಿಂಗಳುಗಳಲ್ಲಿ ನುರಿಕೆ ಸೊನ್ನೆ, ದುರಸ್ತಿ ಖರ್ಚು ಮಾತ್ರ ಭರ್ತಿ. ಆಗ ಕಾಣುವ ಕಡಿಮೆ ಹೀರಿಕೆ ನಷ್ಟವಲ್ಲವಾದುದರಿಂದ ಅದನ್ನು ಮೇಲ್ವೆಚ್ಚದ ತಾತ್ಕಾಲಿಕ ಖಾತೆಯಲ್ಲಿಟ್ಟು, ವರ್ಷದ ಕೊನೆಗೆ ಉಳಿದದ್ದನ್ನಷ್ಟೇ ಇತ್ಯರ್ಥ ಮಾಡಬೇಕು. ಹಾಗೆ ಇತ್ಯರ್ಥ ಮಾಡುವಾಗ ಬರದ ವರ್ಷದ ಕೊರತೆಯನ್ನು ಉಗ್ರಾಣದ ಸಕ್ಕರೆಗೆ ಹೊರಿಸಿದ ಲೆಕ್ಕವು ಆ ವರ್ಷದ ನಷ್ಟವನ್ನು ಮುಂದಿನ ವರ್ಷಕ್ಕೆ ತಳ್ಳುತ್ತದೆ.